ನೆತ್ತಿಗೆ ಹತ್ತಿತೆಂದು ಸುಮ್ಮನಿರಬಾರದು

ನೀರು ಕುಡಿಯುವಾಗ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುವುದು ನಮ್ಮ ಮನೆಗಳ ವಾಡಿಕೆ. ಆದರೆ ಪಾರ್ಶ್ವವಾಯುವಿಗೆ ತುತ್ತಾದವರ ವಿಷಯದಲ್ಲಿ ಈ ಮಾತನ್ನು ಪೂರ್ತಿಯಾಗಿ ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ.

ಗಂಟಲಿನಲ್ಲಿ ಶ್ವಾಸನಾಳದ ಹಿಂದೆಯೇ ಅನ್ನನಾಳವಿದೆ. ನಾವು ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಪಾರ್ಶ್ವವಾಯುವಿನ ನಂತರ ಈ ಕ್ರಿಯೆ ತಡವಾಗಬಹುದು. ಮೆತ್ತನೆಯ ತುತ್ತು ನಿಧಾನವಾಗಿ ಸಾಗುವುದರಿಂದ ಒಂದಿಷ್ಟು ಅವಕಾಶ ಕೊಡುತ್ತದೆ. ನೀರು, ಕಾಫಿ, ತಿಳಿಸಾರು ಹಾಗಲ್ಲ, ಮುಚ್ಚುವ ಮೊದಲೇ ಒಳಗಿಳಿಯುತ್ತವೆ. ಸುಲಭವೆಂದು ನಾವು ಭಾವಿಸುವ ನೀರೇ ಇಲ್ಲಿ ಹೆಚ್ಚು ಅಪಾಯಕಾರಿ.

ನಮ್ಮ ಬಂಧುಗಳೊಬ್ಬರು ಆಸ್ಪತ್ರೆಯಿಂದ ಮರಳಿದ ಮೇಲೆ ಹಿಸುಕಿದ ಅನ್ನವನ್ನು ಚೆನ್ನಾಗಿಯೇ ಉಣ್ಣುತ್ತಿದ್ದರು. ಕಾಫಿ ಕುಡಿದಾಗ ಮಾತ್ರ ಕೆಮ್ಮು. ಆಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ. ಊಟ ಸೇರುತ್ತಿದೆಯೆಂಬ ಸಮಾಧಾನದಲ್ಲಿ ಮನೆಯವರು ಅದನ್ನು ಗಮನಿಸಲಿಲ್ಲ. ನಾಲ್ಕನೆಯ ದಿನ ಜ್ವರ, ಏದುಸಿರು: ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಅನಂತರವೇ ವಾಕ್ ಚಿಕಿತ್ಸಕರು ಅವರ ನುಂಗುವಿಕೆಯನ್ನು ಪರೀಕ್ಷಿಸಿದರು. ಮಾತಿನ ತಜ್ಞರೇ ನುಂಗುವ ತೊಂದರೆಯನ್ನೂ ನೋಡುತ್ತಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಈ ಪರೀಕ್ಷೆ ಮೊದಲ ಗುಟುಕಿಗೂ ಮುಂಚೆಯೇ ಆಗಬೇಕು.

ಅವರು ಹೇಳಿಕೊಟ್ಟ ಕ್ರಮ ಸರಳ. ರೋಗಿ ಪೂರ್ತಿ ಎಚ್ಚರವಾಗಿರುವಾಗ, ನೆಟ್ಟಗೆ ಕೂರಿಸಿ ತಿನ್ನಿಸಬೇಕು. ಚಹದ ಚಮಚದಷ್ಟೇ ತುತ್ತನ್ನು ಬಲವಿರುವ ಕಡೆಯ ಬಾಯಿಗೆ ಇಡಬೇಕು. ನುಂಗಿದ್ದು ಖಚಿತವಾದ ಮೇಲೆಯೇ ಮುಂದಿನದು. ಸೋತ ಕೆನ್ನೆಯಲ್ಲಿ ಅನ್ನ ಉಳಿದಿದೆಯೇ ಎಂದು ನೋಡಿ ತೆಗೆಯಬೇಕು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಾಯಿಯನ್ನು ದಿನವೂ ಶುಚಿಗೊಳಿಸಬೇಕು. ಬಾಯಿಯ ಕ್ರಿಮಿಗಳು ಎಂಜಲಿನೊಡನೆ ಎದೆಗಿಳಿಯುತ್ತವೆ. ತೆಳು ಸಾರಿನಲ್ಲಿ ಅಗುಳು ತೇಲುವಂಥ ಊಟ ಬೇಡ. ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಪುಡಿ ಮಾಡಬಾರದು.

ಕೆಲವರಿಗೆ ನೀರನ್ನೂ ಮಂದಗೊಳಿಸಿ ಕೊಡಲು ಹೇಳುತ್ತಾರೆ. ಎಷ್ಟು ಮಂದವಿರಬೇಕೆಂಬುದನ್ನು ತಜ್ಞರೇ ನಿರ್ಧರಿಸಬೇಕು. ಇದಕ್ಕೂ ಒಂದು ಮಿತಿಯುಂಟು: ಮಂದವಾದ ನೀರು ಯಾರಿಗೂ ರುಚಿಸದು, ಕುಡಿಯುವುದು ಕಡಿಮೆಯಾಗಿ ದೇಹ ಒಣಗುತ್ತದೆ. ಮೂತ್ರ ಕಡಿಮೆಯಾಗಿ ಗಾಢ ಹಳದಿಯಾದರೆ ವೈದ್ಯರಿಗೆ ತಿಳಿಸಬೇಕು.

ಕೆಮ್ಮು ಬರದಿದ್ದರೆ ಕ್ಷೇಮವೆಂದೂ ತಿಳಿಯಬಾರದು. ಗಂಟಲಿನ ಸ್ಪರ್ಶಜ್ಞಾನ ಕುಂದಿದವರಲ್ಲಿ ನೀರು ಸದ್ದಿಲ್ಲದೆ ಶ್ವಾಸನಾಳ ಸೇರುತ್ತದೆ. ಊಟದ ನಂತರ ದನಿ ಒದ್ದೆಯಾಗುವುದು, ಮತ್ತೆ ಮತ್ತೆ ಜ್ವರ ಬರುವುದು, ತೂಕ ಇಳಿಯುವುದು ಅದರ ಸುಳಿವುಗಳು.

ನೋಡಲು ಬಂದವರು ಪ್ರೀತಿಯಿಂದ ಎಳನೀರು ಹಿಡಿದು ‘ಒಂದು ಗುಟುಕಾದರೂ ಕುಡಿಯಲಿ’ ಎನ್ನುವುದುಂಟು. ತಜ್ಞರ ಸೂಚನೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಿ. ಹಿರಿಯರು ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ. ಆ ಗುಟುಕನ್ನು ತಡೆಯುವುದೇ ರೋಗಿಗೆ ಮಾಡುವ ಉಪಚಾರ.