ಸಣ್ಣ ಹೊಲ, ದೊಡ್ಡ ಹೊಲ: ಟೇಬಲ್ ಓದದೆ ಹೆಡ್‌ಲೈನ್ ಬೇಡ

‘ದೊಡ್ಡ ಹೊಲದಲ್ಲಿ ಇಳುವರಿ ಶೇ 20 ಕಡಿಮೆ.’ ಅರ್ಥಶಾಸ್ತ್ರದ ಪ್ರಬಂಧವೊಂದರಲ್ಲಿ ಜಮೀನಿನ ಅಳತೆಯ ಮುಂದೆ -0.2 ಎಂದಿದ್ದರೆ, ವರದಿಗಾರರಾದ ನಮ್ಮ ಕೈ ಥಟ್ಟನೆ ಇಂಥ ಹೆಡ್‌ಲೈನ್ ಬರೆದುಬಿಡುತ್ತದೆ. ಅದು ತಪ್ಪು.

ಇಂಥ ರಿಗ್ರೆಶನ್ ಟೇಬಲ್‌ಗಳಲ್ಲಿ ಜಮೀನು, ಎಕರೆ ಇಳುವರಿ ಎರಡನ್ನೂ ಸಾಮಾನ್ಯವಾಗಿ ಲಾಗ್ ಲೆಕ್ಕಕ್ಕೆ ಇಳಿಸಿರುತ್ತಾರೆ. ಆಗ -0.2 ಎಂದರೆ, ಜಮೀನು ಶೇ 1 ಹೆಚ್ಚಿದ್ದರೆ ಎಕರೆ ಇಳುವರಿ ಸುಮಾರು ಶೇ 0.2 ಕಡಿಮೆ ಎಂದಷ್ಟೇ. ಐದು ಎಕರೆಯವರು ಎಕರೆಗೆ 10 ಕ್ವಿಂಟಲ್ ಬೆಳೆದರೆ, ಹತ್ತು ಎಕರೆಯವರದು ಸುಮಾರು 8.7 ಕ್ವಿಂಟಲ್. ಒಟ್ಟು ಬೆಳೆ 50ರ ಎದುರು 87. ಇಳಿದದ್ದು ಎಕರೆ ಲೆಕ್ಕ, ರಾಶಿಯಲ್ಲ.

ಆ ಇಳಿಕೆಗೆ ಹೊಲದ ಅಳತೆಯೇ ಕಾರಣವೇ? ಇದು ಹಳೆಯ ಜಗಳ. 1962ರಲ್ಲಿ ಅಮರ್ತ್ಯ ಸೇನ್ ಈ ವಿಚಾರ ಎತ್ತಿ, ಸಣ್ಣ ಹೊಲದಲ್ಲಿ ಮನೆಯವರೇ ದುಡಿಯುವುದನ್ನು ಒಂದು ಕಾರಣವಾಗಿ ತೋರಿಸಿದರು. 1988ರಲ್ಲಿ ಭಲ್ಲಾ ಮತ್ತು ರಾಯ್ ಲೆಕ್ಕಕ್ಕೆ ಮಣ್ಣಿನ ಗುಣವನ್ನೂ ಸೇರಿಸಿದರು. ಹಲವು ಜಿಲ್ಲೆಗಳಲ್ಲಿ ಆ ಸಂಬಂಧ ಸಡಿಲವಾಯಿತು, ಕೆಲವೆಡೆ ಇಲ್ಲವಾಯಿತು.

ಇದು ನಮ್ಮೂರಿನವರಿಗೆ ಹೊಸದಲ್ಲ. ಫಲವತ್ತಾದ ನೆಲದಲ್ಲಿ ಸಂಸಾರಗಳು ಹೆಚ್ಚು, ಪಾಲೂ ಹೆಚ್ಚು. ಮರಡಿ ನೆಲದಲ್ಲಿ ಹಿಡುವಳಿ ದೊಡ್ಡದು, ಬೆಳೆ ಕಡಿಮೆ. ಮಣ್ಣನ್ನು ಬಿಟ್ಟು ಲೆಕ್ಕ ಹಾಕಿದರೆ ಮಣ್ಣಿನ ತಪ್ಪು ಅಳತೆಯ ತಲೆಗೆ ಬೀಳುತ್ತದೆ. ಇದನ್ನು ಗುರುತಿಸಲು ಟೇಬಲ್‌ನ ಕಾಲಂಗಳನ್ನು ಪಕ್ಕಪಕ್ಕ ನೋಡಬೇಕು. ಮಣ್ಣು ಸೇರಿಸಿದ ಕಾಲಂನಲ್ಲಿ -0.2 ಎಂಬುದು -0.05ಕ್ಕೆ ಬಂದರೆ, ಮೊದಲ ಅಂಕಿಯನ್ನು ನಂಬಬಾರದು. ಮಣ್ಣಿನ ಕಾಲಂ ಇಲ್ಲವೇ ಇಲ್ಲದಿದ್ದರೆ ಅದನ್ನೇ ಸುದ್ದಿಯಲ್ಲಿ ಹೇಳಬೇಕು.

ಹಾಗಂತ ಎಲ್ಲವನ್ನೂ ತುರುಕಿದರೂ ತೊಂದರೆ. ಬೋರ್‌ವೆಲ್ ಇರುವವರೇ ಗೊಬ್ಬರವನ್ನೂ ಹೆಚ್ಚು ಹಾಕುವ ಕಡೆ ನೀರು, ಗೊಬ್ಬರ ಜೋಡೆತ್ತಿನಂತೆ ಸಾಗುತ್ತವೆ. ಬಂಡಿ ಎಳೆದದ್ದು ಯಾವ ಎತ್ತು ಎಂದು ಲೆಕ್ಕಕ್ಕೆ ಗೊತ್ತಾಗದು. ಎರಡರ ಸ್ಟ್ಯಾಂಡರ್ಡ್ ಎರರ್ ಉಬ್ಬುತ್ತದೆ, ಸ್ಟಾರ್ ಗುರುತು ಮಾಯವಾಗುತ್ತದೆ. ಒಂದನ್ನು ತೆಗೆದರೆ ಇನ್ನೊಂದರ ಅಂಕಿ ಜಿಗಿಯುತ್ತದೆ. ಇಂಥ ಟೇಬಲ್ ನೋಡಿ ‘ಗೊಬ್ಬರದಿಂದ ಲಾಭವಿಲ್ಲ’ ಎಂದು ಬರೆಯಬಾರದು. ಎರಡನ್ನೂ ಒಟ್ಟಿಗೆ ಪರೀಕ್ಷಿಸಿದ್ದಾರೆಯೇ ಎಂದು ಹುಡುಕಬೇಕು.

2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು. ಸಣ್ಣ ಹಿಡುವಳಿ ಉಳಿಯಬೇಕು ಎನ್ನುವವರೂ ಒಟ್ಟುಗೂಡಿಸಬೇಕು ಎನ್ನುವವರೂ ಇಂಥ ಅಂಕಿಗಳನ್ನೇ ಹಿಡಿದು ವಾದಿಸುತ್ತಾರೆ. ಅಂಕಿ ತೋರಿಸಿದವರನ್ನು ನಾವು ಕೇಳಬೇಕಾದ ಮೊದಲ ಪ್ರಶ್ನೆ: ‘ಮಣ್ಣು ಯಾವ ಕಾಲಂನಲ್ಲಿದೆ ಸ್ವಾಮಿ?’