ಐನೂರು ಗಂಟೆಯ ಪ್ರಮಾಣಪತ್ರ

ಹೋದ ಮಳೆಗಾಲದಲ್ಲಿ ಹಾಸನದ ಕಡೆಯ ಹುಡುಗಿಯೊಬ್ಬಳು ಅಮ್ಮನ ಜೊತೆ ನನ್ನನ್ನು ನೋಡಲು ಬಂದಳು. ಸೈಕಾಲಜಿಯಲ್ಲಿ ಎಂ.ಎ. ಮುಗಿಸಿ, ಬೆಂಗಳೂರಿನ ಒಂದು ಕೌನ್ಸೆಲಿಂಗ್ ಕೇಂದ್ರದಲ್ಲಿ ವರ್ಷವಿಡೀ ಇಂಟರ್ನ್‌ಶಿಪ್ ಮಾಡಿದ್ದಳು. ಅದಕ್ಕೆ ಸಂಬಳವಿರಲಿಲ್ಲ, ಬದಲಿಗೆ ಅವಳೇ ಅರವತ್ತು ಸಾವಿರ ರೂಪಾಯಿ ಕಟ್ಟಿದ್ದಳು. ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ಒಂದು ಪ್ರಮಾಣಪತ್ರ ತೆಗೆದು ನನ್ನ ಮುಂದಿಟ್ಟಳು. ಸೂಪರ್‌ವಿಷನ್‌ನಲ್ಲಿ 500 ಗಂಟೆಗಳ ಕ್ಲಿನಿಕಲ್ ಅನುಭವ ಎಂದು ಅದರಲ್ಲಿ ಚಿನ್ನದ ಅಕ್ಷರದಲ್ಲಿ ಅಚ್ಚಾಗಿತ್ತು. "ಮೇಡಂ, ಲೈಸೆನ್ಸಿಗೆ ಇನ್ನೆಷ್ಟು ಗಂಟೆ ಬಾಕಿ?" ಎಂದು ಕೇಳಿದಳು.

ಅವಳ ಒಂದು ಗಂಟೆಯೂ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ಹೇಳಬೇಕಾಯಿತು. ಅಮ್ಮನಿಗೆ ಅರ್ಥವಾಗಲು ಇನ್ನೊಮ್ಮೆ ಹೇಳಬೇಕಾಯಿತು. ಅದೇ ಮಾತನ್ನು ಬೇರೆ ಮನೆಗಳವರು ದುಡ್ಡು ಕಟ್ಟುವ ಮೊದಲೇ ಕೇಳಿಸಿಕೊಳ್ಳಲಿ ಎಂದು ಈ ಮನವಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ಕೇಂದ್ರ ನೋಂದಣಿ ಪುಸ್ತಕದಲ್ಲಿ ಹೆಸರಿರಬೇಕು. ಹೆಸರು ಸೇರಿದವರಿಗೆ ಒಂದು ಸಿಆರ್‌ಆರ್ ನಂಬರ್ ಸಿಗುತ್ತದೆ. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ಹೆಸರಿಲ್ಲದೆ ಈ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. (ಸಾವಿರ ರೂಪಾಯಿ ಇವತ್ತು ಕೆಲವು ಕಡೆ ಒಂದು ಸಿಟ್ಟಿಂಗಿನ ಫೀಸೂ ಅಲ್ಲ.) ಆ ಪುಸ್ತಕಕ್ಕೆ ಹೆಸರು ಸೇರಿಸುವ ಬಾಗಿಲು ಆರ್‌ಸಿಐ ಒಪ್ಪಿದ ಕೋರ್ಸ್ ಮಾತ್ರ. ಇಷ್ಟು ವರ್ಷ ಆ ಕೋರ್ಸ್ ಮುಖ್ಯವಾಗಿ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಆಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ವಿವರಿಸುವಾಗ, ಆ ಎಂ.ಫಿಲ್‌ನೊಳಗೆ ಸೂಪರ್‌ವಿಷನ್‌ನಲ್ಲಿ ನಡೆದ ಕ್ಲಿನಿಕಲ್ ತರಬೇತಿ ಇರಲೇಬೇಕು ಎನ್ನುತ್ತದೆ. ಇಲ್ಲಿ ಗಂಟೆಗಳು ಕೋರ್ಸಿನ ಒಳಗೇ ಬೆಸೆದುಕೊಂಡಿವೆ. ಹೊರಗೆ ಎಷ್ಟು ದುಡಿದರೂ ಅದನ್ನು ತಂದು ಜಮಾ ಮಾಡುವ ಖಾತೆಯೇ ಇಲ್ಲ.

ಹಾಗಾದರೆ ಗಂಟೆ ಕೂಡಿಸುವ ಈ ಕಲ್ಪನೆ ಎಲ್ಲಿಂದ ಬಂತು? ಬಹುಮಟ್ಟಿಗೆ ಅಮೆರಿಕದಿಂದ. ಕ್ಯಾಲಿಫೋರ್ನಿಯಾದಲ್ಲಿ ವಿವಾಹ ಮತ್ತು ಕುಟುಂಬ ಥೆರಪಿಸ್ಟ್ ಆಗಬೇಕಾದವರು ಪದವಿಯ ನಂತರ ಅಸೋಸಿಯೇಟ್ ಎಂದು ಹೆಸರು ಬರೆಸಿ, ಲೈಸೆನ್ಸ್ ಇರುವವರ ಕೈಕೆಳಗೆ ಒಟ್ಟು 3000 ಗಂಟೆ ಪೂರೈಸಬೇಕು. ಅದು ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು ಮತ್ತು ಅದರಲ್ಲಿ 1750 ಗಂಟೆಯಾದರೂ ಜನರ ಎದುರು ಕೂತು ಮಾಡಿದ ಕೌನ್ಸೆಲಿಂಗ್ ಆಗಿರಬೇಕು. ಅಲ್ಲಿ ವಾರವಾರವೂ ಪುಸ್ತಕ ಬರೆದಿಡುತ್ತಾರೆ. ಅಲ್ಲಿನ ಲೆಕ್ಕ ಅಲ್ಲಿಗೆ ಸರಿ. ಆ ಭಾಷೆಯನ್ನಷ್ಟೇ ಎರವಲು ತಂದು ಇಲ್ಲಿ ಸರ್ಟಿಫಿಕೇಟ್ ಮಾರುವುದು ತಪ್ಪು.

ಗಂಟೆ ಎಂದರೆ ನಿಜಕ್ಕೂ ಏನು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನೊಬ್ಬ ನಲವತ್ತರ ಆಸುಪಾಸಿನ ಹೆಂಗಸಿನ ಕೇಸ್ ಬರೆದು ತಂದಿದ್ದ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮನೆಗೆಲಸದ ಆಯಾಸ. ಚೊಕ್ಕವಾಗಿ ಬರೆದಿದ್ದ. ಅವರ ಬಾಯಿಂದ ಬಂದ ಮಾತನ್ನು ಹಾಗೇ ಹೇಳು ಎಂದೆ. "ಸಾಕಾಗೋಗಿದೆ ಕಣಪ್ಪಾ ಅಂದ್ರು ಮೇಡಂ. ಕೆಲಸ ಸಾಕಾಗಿದೆ ಅಂತ ತಗೊಂಡೆ" ಎಂದ. ಕನ್ನಡದಲ್ಲಿ ಸಾಕಾಗಿದೆ ಎಂಬ ಮಾತಿಗೆ ದಣಿವೂ ಇದೆ, ಅದಕ್ಕಿಂತ ಕತ್ತಲೆಯ ಅರ್ಥವೂ ಇದೆ. ಏನು ಸಾಕಾಗಿದೆ ಎಂದು ಅವನು ಕೇಳಿರಲಿಲ್ಲ. ಆ ಹೆಂಗಸು ಇನ್ನೂ ಔಷಧಿ ಕೌಂಟರಿನ ಸಾಲಿನಲ್ಲಿದ್ದರು. ಇಬ್ಬರೂ ಹೋಗಿ ಒಳಗೆ ಕರೆತಂದು, ಜೀವ ಬೇಡ ಅನ್ನಿಸುತ್ತಾ ಎಂದು ನೇರವಾಗಿಯೇ ಕೇಳಿದೆವು. ಎರಡು ದಿನದ ಹಿಂದೆ ಬಾವಿಯ ಹತ್ತಿರ ಹೋಗಿ ವಾಪಸ್ ಬಂದಿದ್ದೆ ಎಂದರು. ಅವತ್ತೇ ಮನೋವೈದ್ಯರಿಗೆ ತೋರಿಸಿ, ಅಣ್ಣನನ್ನು ಕರೆಸಿ, ಒಬ್ಬರೇ ಇರದಂತೆ ನೋಡಿಕೊಳ್ಳಲು ಹೇಳಿ ಕಳಿಸಿದೆವು.

ಸೂಪರ್‌ವಿಷನ್ ಎಂದರೆ ಇದು. ಬರೆದದ್ದನ್ನು ಒಬ್ಬರು ಓದಬೇಕು, ಬಿಟ್ಟುಹೋದ ಪ್ರಶ್ನೆಯನ್ನು ಹಿಡಿಯಬೇಕು, ಬೇಕಾದರೆ ರೋಗಿಯ ಎದುರಿಗೇ ಹೋಗಿ ಕೂರಬೇಕು. ಹಾಸನದ ಹುಡುಗಿಯನ್ನು ನಿನ್ನ ನೋಟ್ಸ್ ಓದುತ್ತಿದ್ದವರು ಯಾರು ಎಂದು ಕೇಳಿದೆ. ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಮೂವತ್ತು ಜನಕ್ಕೆ ಒಟ್ಟಿಗೆ ಒಂದು ಕ್ಲಾಸ್ ಇರುತ್ತಿತ್ತಂತೆ. ಅವಳ ನೋಟ್ಸ್ ಯಾರೂ ಓದಿರಲಿಲ್ಲ. ರುಜು ಹಾಕಿದವರ ಹೆಸರಿನ ಮುಂದೆ ಸಿಆರ್‌ಆರ್ ನಂಬರೂ ಇರಲಿಲ್ಲ.

ಕೌನ್ಸೆಲರುಗಳ ದಾರಿ ಬೇರೆ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ, ಆರ್‌ಸಿಐ ವ್ಯಾಪ್ತಿಯ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು ಉಳಿದ ಸೈಕಾಲಜಿಸ್ಟರನ್ನೂ ಆರೋಗ್ಯ ಕ್ಷೇತ್ರದ ಕೌನ್ಸೆಲರುಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ನೋಂದಣಿ ರಾಜ್ಯ ಪರಿಷತ್ತಿನದು. ಇದರಲ್ಲೂ ಗಂಟೆಗಳ ಮಾತಿದೆ: ಹೆಲ್ತ್‌ಕೇರ್ ವೃತ್ತಿಪರ ಎನಿಸಿಕೊಳ್ಳುವ ಪದವಿ ಕನಿಷ್ಠ 3600 ಗಂಟೆಯದಾಗಿರಬೇಕು, ಮೂರರಿಂದ ಆರು ವರ್ಷದೊಳಗೆ ಹರಡಿರಬೇಕು. ಆದರೆ ಅದು ಓದಿನ ಒಟ್ಟು ಅವಧಿ, ರೋಗಿಗಳ ಜೊತೆ ಕೂತ ಗಂಟೆಯಲ್ಲ. ಇವೆರಡನ್ನು ಕಲಸಿ ಹೇಳುವ ಜಾಹೀರಾತುಗಳನ್ನು ನಾನೇ ನೋಡಿದ್ದೇನೆ. ಈ ಕಾಯ್ದೆಯಡಿ ಬರುವ ವಿಷಯಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಬಾರದು ಎಂದು ಯುಜಿಸಿ ಹೇಳಿದೆ. ಸೈಕಾಲಜಿಯೂ ಅದರಲ್ಲಿದೆ.

ಮಕ್ಕಳನ್ನು ಈ ಓದಿಗೆ ಸೇರಿಸುವ ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟು. ಕೋರ್ಸಿನ ಹೆಸರು ನೋಡಿ ಮೋಸಹೋಗಬೇಡಿ. ಎಂ.ಫಿಲ್ ಪದವಿಯನ್ನೇ ಯುಜಿಸಿ ನಿಲ್ಲಿಸಿದೆ, ಆದರೆ ಕ್ಲಿನಿಕಲ್ ಸೈಕಾಲಜಿಗೆ 2025-26ನೇ ಸಾಲಿನವರೆಗೆ ಅವಕಾಶ ವಿಸ್ತರಿಸಿತ್ತು. ಆ ಜಾಗಕ್ಕೆ ಬರುವ ಹೊಸ ಹೆಸರುಗಳಲ್ಲಿ ಗೊಂದಲ ಸಹಜ. ಆದ್ದರಿಂದ ಕಾಲೇಜಿನ ಕಚೇರಿಯಲ್ಲಿ ಆರ್‌ಸಿಐ ಕೊಟ್ಟ ಅನುಮೋದನೆಯ ಪತ್ರವನ್ನೇ ತೋರಿಸಲು ಕೇಳಿ. ಅದು ನಿಮ್ಮ ಮಗು ಸೇರುವ ಕೋರ್ಸಿಗೆ ಕೊಟ್ಟದ್ದೇ, ಸೇರುವ ವರ್ಷ ಅದರ ಅವಧಿಯೊಳಗಿದೆಯೇ, ಎಷ್ಟು ಸೀಟಿಗೆ ಕೊಟ್ಟಿದ್ದಾರೆ ಎಂಬ ಮೂರನ್ನೂ ಓದಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ ಎಂಬ ಉತ್ತರ ಬಂದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ.

ಮಗುವಿಗೆ ಐಕ್ಯೂ ಪರೀಕ್ಷೆ ಮಾಡಿಸುವವರೂ ವರದಿಯಲ್ಲಿ ಸಿಆರ್‌ಆರ್ ನಂಬರ್ ಹುಡುಕಿ. ಒಬ್ಬ ತಾಯಿ ಅಂಗವಿಕಲರ ಕಾರ್ಡಿಗೆಂದು ನಂಬರಿಲ್ಲದ ವರದಿ ಹಿಡಿದು ಆಸ್ಪತ್ರೆಗೆ ಅಲೆದು ನನ್ನಲ್ಲಿಗೆ ಬಂದಿದ್ದರು. ಪರೀಕ್ಷೆ ನಡೆದು ಇನ್ನೂ ಆರು ವಾರ. ಮಗುವಿಗೆ ಪ್ರಶ್ನೆಗಳು ನೆನಪಿರುತ್ತವೆ. ಅದೇ ಪರೀಕ್ಷೆ ಮತ್ತೆ ಮಾಡಿದರೆ ಅಂಕ ನಿಜಕ್ಕಿಂತ ಮೇಲೇರುತ್ತದೆ. ಬೇರೆ ಪರೀಕ್ಷೆ ಹುಡುಕಿ, ಮೊದಲಿಂದ ಶುರುಮಾಡಬೇಕಾಯಿತು.

ನನ್ನ ವೃತ್ತಿಬಾಂಧವರಲ್ಲಿ ಒಂದೇ ಮಾತು: ನೀವು ಜೊತೆಗೆ ಕೂರದ ಗಂಟೆಗೆ ರುಜು ಹಾಕಬೇಡಿ.

ಹಾಸನದ ಹುಡುಗಿ ಈಗ ಒಂದು ಶಾಲೆಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತಾ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಪ್ರಮಾಣಪತ್ರವನ್ನು ಅವತ್ತು ನನ್ನ ಮೇಜಿನ ಮೇಲೇ ಬಿಟ್ಟುಹೋಗಿದ್ದಳು. ಫೋನ್ ಮಾಡಿದಾಗ, "ಇರಲಿ ಮೇಡಂ, ಬೇರೆಯವರು ಬಂದರೆ ತೋರಿಸಿ" ಎಂದಳು.