ದಿವಾಳಿ ಕಂಪೆನಿಯ ಸರದಿ ಸಾಲು: ಷೇರುದಾರರ ಪಾಲಿಗೆ ಉಳಿಯುವುದೆಷ್ಟು?

2021ರ ಜೂನ್ 7ರಂದು ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯ ಮುಂಬೈ ಪೀಠವು ದಿವಾನ್ ಹೌಸಿಂಗ್ ಫೈನಾನ್ಸ್ ಕಾರ್ಪೊರೇಷನ್ (ಡಿಎಚ್‌ಎಫ್‌ಎಲ್) ಕಂಪೆನಿಯನ್ನು ಪಿರಾಮಲ್ ಸಮೂಹಕ್ಕೆ ಒಪ್ಪಿಸುವ ಯೋಜನೆಗೆ ಅನುಮೋದನೆ ನೀಡಿತು. ಸುದ್ದಿ ಹೊರಬೀಳುತ್ತಲೇ ಷೇರುಪೇಟೆಯಲ್ಲಿ ಆ ಕಂಪೆನಿಯ ಷೇರಿಗೆ ಬೇಡಿಕೆ ಕುದುರಿತು. ದೊಡ್ಡ ಮನೆತನವೊಂದು ಕಂಪೆನಿಯನ್ನು ಕೊಂಡಿದೆ, ಇನ್ನು ಒಳ್ಳೆಯ ದಿನಗಳು ಬರಲಿವೆ ಎಂದು ನಂಬಿದವರು 20 ರೂಪಾಯಿಯ ಆಸುಪಾಸಿನಲ್ಲಿ ಷೇರು ಖರೀದಿಸಿದರು. ಒಂದೇ ವಾರದಲ್ಲಿ, ಜೂನ್ 14ರಿಂದ, ಷೇರು ವಿನಿಮಯ ಕೇಂದ್ರಗಳು ಅದರ ವಹಿವಾಟನ್ನು ಸ್ಥಗಿತಗೊಳಿಸಿದವು. ಹಳೆಯ ಷೇರುಗಳೆಲ್ಲ ರದ್ದಾದವು. ಪ್ರತಿಯಾಗಿ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ.

ಕೊಂಡವರಲ್ಲಿ ಹಲವರಿಗೆ ಇದು ಮೋಸವೆಂದೇ ತೋರಿತು. ಆದರೆ ಅನುಮೋದಿತ ಯೋಜನೆಯಲ್ಲಿಯೇ ಈ ಮಾತು ಇತ್ತು. ಕಾನೂನು ಕೂಡ ಮೊದಲಿನಿಂದ ಹೇಳುತ್ತಾ ಬಂದಿರುವುದು ಇದನ್ನೇ.

2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್, ಮುಳುಗಿದ ಕಂಪೆನಿಯ ಆಸ್ತಿ ಮಾರಿ ಬಂದ ಹಣವನ್ನು ಯಾರಿಗೆ ಮೊದಲು, ಯಾರಿಗೆ ನಂತರ ಕೊಡಬೇಕೆಂದು ನಿಗದಿಪಡಿಸುತ್ತದೆ. ಪ್ರಕ್ರಿಯೆ ನಡೆಸಿದ ಖರ್ಚಿಗೆ ಮೊದಲ ಸ್ಥಾನ. ಎರಡನೆಯ ಮೆಟ್ಟಿಲಿನಲ್ಲಿ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಪಡೆದು ಸಾಲ ಕೊಟ್ಟವರು ಸಮಾನವಾಗಿ ನಿಲ್ಲುತ್ತಾರೆ. ನಂತರ ಇತರ ನೌಕರರ 12 ತಿಂಗಳ ಸಂಬಳ, ಆಮೇಲೆ ಅಡಮಾನವಿಲ್ಲದೆ ಹಣ ಕೊಟ್ಟವರು, ಅವರ ಹಿಂದೆ ಸರ್ಕಾರದ ತೆರಿಗೆ ಬಾಕಿ, ಬಳಿಕ ಉಳಿದೆಲ್ಲ ಸಾಲಗಳು, ಆದ್ಯತಾ ಷೇರುದಾರರು. ಸಾಮಾನ್ಯ ಷೇರುದಾರರು ಇರುವುದು ಕಟ್ಟಕಡೆಯಲ್ಲಿ. ಮೇಲಿನ ಮೆಟ್ಟಿಲಿನವರ ಬಾಕಿ ಪೂರ್ತಿ ತೀರದೆ ಕೆಳಗಿನವರಿಗೆ ಒಂದು ಪೈಸೆಯೂ ಇಳಿಯುವುದಿಲ್ಲ.

ಡಿಬೆಂಚರ್ ಕೊಂಡವರ ಸ್ಥಾನ ಯಾವುದೆಂಬ ಗೊಂದಲ ಓದುಗರಲ್ಲಿ ಸಾಮಾನ್ಯ. ಷೇರಿನಂತೆ ಡಿಬೆಂಚರ್ ಕೂಡ ಪೇಟೆಯಲ್ಲಿ ವಹಿವಾಟಾಗುತ್ತದೆ, ಅದೇ ಡಿಮ್ಯಾಟ್ ಖಾತೆಯಲ್ಲಿ ಕಾಣಿಸುತ್ತದೆ. ಆದರೂ ಅದನ್ನು ಹೊಂದಿದವರು ಕಂಪೆನಿಯ ಮಾಲೀಕರಲ್ಲ, ಸಾಲ ಕೊಟ್ಟವರು. ಡಿಬೆಂಚರಿಗೆ ಆಸ್ತಿಯ ಭದ್ರತೆ ಇದ್ದರೆ ಅವರು ಬ್ಯಾಂಕುಗಳ ಜೊತೆಗೇ ಎರಡನೆಯ ಮೆಟ್ಟಿಲಿನಲ್ಲಿರುತ್ತಾರೆ. ಇಂಥ ಕಂಪೆನಿಯಲ್ಲಿ ನಿಶ್ಚಿತ ಠೇವಣಿ ಇಟ್ಟವರಿಗೆ ಭದ್ರತೆ ಇರುವುದಿಲ್ಲವಾದ್ದರಿಂದ ಅವರು ಕೆಳಗಿನ ಮೆಟ್ಟಿಲಿಗೆ ಹೋಗುತ್ತಾರೆ.

ಡಿಎಚ್‌ಎಫ್‌ಎಲ್ ಲೆಕ್ಕವನ್ನು ಈ ಸಾಲಿಗೆ ಹೊಂದಿಸಿ ನೋಡಬಹುದು. 2019ರ ನವೆಂಬರ್ 20ರಂದು ರಿಸರ್ವ್ ಬ್ಯಾಂಕ್ ಅದರ ಆಡಳಿತ ಮಂಡಳಿಯನ್ನು ಬರಖಾಸ್ತುಗೊಳಿಸಿತು. ಡಿಸೆಂಬರ್ 3ರಂದು ದಿವಾಳಿ ಪ್ರಕ್ರಿಯೆ ಆರಂಭವಾಯಿತು. ರಿಸರ್ವ್ ಬ್ಯಾಂಕ್ ಈ ದಾರಿಗೆ ಕಳುಹಿಸಿದ ಮೊದಲ ಹಣಕಾಸು ಸಂಸ್ಥೆ ಇದು. ಒಪ್ಪಿಗೆಯಾದ ಬೇಡಿಕೆಗಳ ಮೊತ್ತ ಸುಮಾರು 87 ಸಾವಿರ ಕೋಟಿ ರೂಪಾಯಿ. ಪಿರಾಮಲ್ ಕೊಡಲೊಪ್ಪಿದ್ದು 34,250 ಕೋಟಿ. ಕಂಪೆನಿಯಲ್ಲಿಯೇ ಇದ್ದ ನಗದನ್ನು ಸೇರಿಸಿದರೆ ಸಾಲ ಕೊಟ್ಟವರ ಕೈಗೆ ಬಂದದ್ದು ಸುಮಾರು 38 ಸಾವಿರ ಕೋಟಿ. ಅಂದರೆ ಸರದಿಯಲ್ಲಿ ಮುಂದೆ ನಿಂತವರಿಗೇ ಅರ್ಧಕ್ಕಿಂತ ಕಡಿಮೆ. ಅದರಲ್ಲಿಯೂ 14,700 ಕೋಟಿ ಮಾತ್ರ ಪಿರಾಮಲ್ ಕೊಟ್ಟ ನಗದು. 19,550 ಕೋಟಿಗೆ ಶೇ 6.75 ಬಡ್ಡಿಯ, ಹತ್ತು ವರ್ಷಗಳ ಹೊಸ ಡಿಬೆಂಚರುಗಳನ್ನು ಕೊಡಲಾಯಿತು. ಠೇವಣಿದಾರರಿಗೆ ಒಟ್ಟಾರೆ ದಕ್ಕಿದ್ದು ಬಾಕಿಯ ಸುಮಾರು ಶೇ 23. ನಿವೃತ್ತಿಯ ಹಣವನ್ನು ಅಲ್ಲಿಟ್ಟವರು ವರ್ಷಗಟ್ಟಲೆ ನ್ಯಾಯಮಂಡಳಿಗಳ ಬಾಗಿಲು ತಟ್ಟಿದರು. ಅವರ ಅಳಲಿನ ಮುಂದೆ ಷೇರುದಾರರ ದೂರು ಯಾರ ಕಿವಿಗೂ ಬೀಳಲಿಲ್ಲ.

ಕಂಪೆನಿಯಿಂದ ಅಕ್ರಮವಾಗಿ ಹೊರಹೋದ ಹಣ ವಾಪಸು ಬಂದರೆ ಷೇರುದಾರರಿಗೂ ಏನಾದರೂ ಸಿಗುತ್ತಿತ್ತಲ್ಲವೇ ಎಂಬ ಪ್ರಶ್ನೆ ಆಗ ಪದೇ ಪದೇ ಎದ್ದಿತ್ತು. ಅಂಥ ವಹಿವಾಟುಗಳ ಮೊತ್ತವನ್ನು ಸುಮಾರು 45 ಸಾವಿರ ಕೋಟಿ ಎಂದು ಅಂದಾಜಿಸಲಾಗಿತ್ತು. ಯೋಜನೆಯಲ್ಲಿ ಆ ಮೊತ್ತಕ್ಕೆ ಕಟ್ಟಿದ ಬೆಲೆ ಒಂದು ರೂಪಾಯಿ. ವಸೂಲಾದರೆ ಅದು ಪಿರಾಮಲ್‌ಗೆ ಸೇರತಕ್ಕದ್ದು. ಡಿಬೆಂಚರ್ ಹೊಂದಿದ್ದ 63 ಮೂನ್ಸ್ ಕಂಪೆನಿ ಇದನ್ನು ಪ್ರಶ್ನಿಸಿತು. 2022ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಈ ಅಂಶವನ್ನು ಮರುಪರಿಶೀಲಿಸುವಂತೆ ಸಾಲದಾತರ ಸಮಿತಿಗೆ ಸೂಚಿಸಿತು. 2025ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿ ಮೂಲ ಯೋಜನೆಯನ್ನೇ ಎತ್ತಿಹಿಡಿಯಿತು. ತೀರ್ಪು ಬೇರೆಯಾಗಿದ್ದರೂ ಷೇರುದಾರರಿಗೆ ಲಾಭವಿರಲಿಲ್ಲ. 38 ಸಾವಿರ ಕೋಟಿಗೆ 45 ಸಾವಿರ ಕೋಟಿಯನ್ನು ಪೂರ್ತಿಯಾಗಿ ಕೂಡಿಸಿದರೂ ಆಗುವುದು 83 ಸಾವಿರ ಕೋಟಿ. ಸಾಲದ ಬೇಡಿಕೆಯೇ 87 ಸಾವಿರ ಕೋಟಿ!

ಹಣದ ಮಾತು ಹಾಗಿರಲಿ, ಮಾತನಾಡುವ ಹಕ್ಕಿನಲ್ಲಿಯೂ ಇದೇ ಅಂತರವಿದೆ. ಯಾರ ಯೋಜನೆ ಒಪ್ಪಬೇಕೆಂದು ತೀರ್ಮಾನಿಸುವುದು ಸಾಲದಾತರ ಸಮಿತಿ. ಅಲ್ಲಿ ಕೊಟ್ಟ ಸಾಲದ ಪ್ರಮಾಣಕ್ಕೆ ತಕ್ಕಂತೆ ಮತ. ಡಿಬೆಂಚರುದಾರರ ಪರವಾಗಿ ಅವರ ಟ್ರಸ್ಟಿ, ಠೇವಣಿದಾರರ ಪರವಾಗಿ ಅಧಿಕೃತ ಪ್ರತಿನಿಧಿ ಮತ ಹಾಕುತ್ತಾರೆ. ಪಿರಾಮಲ್ ಯೋಜನೆಗೆ 2021ರ ಜನವರಿಯಲ್ಲಿ ಶೇ 94ರಷ್ಟು ಮತ ಬಂದಿತ್ತು. ಷೇರುದಾರರಿಗೆ ಅಲ್ಲಿ ಮತವಿಲ್ಲ. ಕಂಪೆನಿ ಕಾಯ್ದೆಯ ಪ್ರಕಾರ ಷೇರುದಾರರ ಒಪ್ಪಿಗೆ ಬೇಕಾದ ತೀರ್ಮಾನಗಳಿದ್ದರೂ, ಆ ಒಪ್ಪಿಗೆ ದೊರೆತಿದೆ ಎಂದೇ ಭಾವಿಸತಕ್ಕದ್ದು ಎನ್ನುತ್ತದೆ ದಿವಾಳಿ ಸಂಹಿತೆಯ 30ನೇ ಸೆಕ್ಷನ್ನಿನ ವಿವರಣೆ.

ವಿಚಿತ್ರವೆಂದರೆ ಡಿಎಚ್‌ಎಫ್‌ಎಲ್ ಎಂಬ ಕಂಪೆನಿ ಸಾಯಲಿಲ್ಲ. ಪಿರಾಮಲ್ ತನ್ನ ಗೃಹಸಾಲ ಕಂಪೆನಿಯನ್ನು ಅದರೊಳಗೇ ವಿಲೀನಗೊಳಿಸಿ ಹೆಸರು ಬದಲಿಸಿತು. ಕಂಪೆನಿ ಉಳಿಯಿತು, ಅದರ ಹಳೆಯ ಮಾಲೀಕರು ಹೋದರು. ‘ಕಂಪೆನಿ ಉಳಿಯುತ್ತದೆಯೇ’ ಎಂಬುದು ಒಂದು ಪ್ರಶ್ನೆ, ‘ನನ್ನ ಷೇರು ಉಳಿಯುತ್ತದೆಯೇ’ ಎಂಬುದು ಇನ್ನೊಂದು. ಜೂನ್‌ನಲ್ಲಿ ಖರೀದಿಗೆ ಮುಗಿಬಿದ್ದವರು ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಹಚ್ಚಿಕೊಂಡರು.

ಅವರ ಆಸೆಗೆ ಒಂದು ಹಿನ್ನೆಲೆಯೂ ಇತ್ತು. ಪತಂಜಲಿ 2019ರಲ್ಲಿ ರುಚಿ ಸೋಯಾವನ್ನು ಕೊಂಡಾಗ ಹಳೆಯ ಷೇರುಗಳನ್ನು ಪೂರ್ತಿ ಅಳಿಸಿರಲಿಲ್ಲ. 100 ಷೇರಿಗೆ ಒಂದರಂತೆ ಇಳಿಸಿ ಉಳಿಸಲಾಗಿತ್ತು. 2020ರ ಜನವರಿಯಲ್ಲಿ 17 ರೂಪಾಯಿಯ ಆಸುಪಾಸಿನಲ್ಲಿ ಮತ್ತೆ ವಹಿವಾಟಿಗೆ ಬಂದ ಷೇರು ಜೂನ್ ವೇಳೆಗೆ 1,500 ದಾಟಿತು. ಸಾರ್ವಜನಿಕರ ಕೈಯಲ್ಲಿದ್ದದ್ದು ಶೇ 1ಕ್ಕಿಂತ ಕಡಿಮೆ ಷೇರು. ಮಾರುವವರೇ ಇಲ್ಲದ ಪೇಟೆಯಲ್ಲಿ ಏರಿದ ಬೆಲೆ ಅದು. ಹಳೆಯ ಷೇರುದಾರರು ಉಳಿದದ್ದು ಕೊಳ್ಳುವವರು ಹಾಗೆ ಬಯಸಿದ್ದರಿಂದ, ಹಕ್ಕಿನಿಂದಲ್ಲ.

ಕಂಪೆನಿಯೊಂದು ದಿವಾಳಿ ಪ್ರಕ್ರಿಯೆಯಲ್ಲಿರುವಾಗ ಷೇರುದಾರರು ಎರಡು ಅಂಕಿಗಳನ್ನು ನೋಡಿದರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ: ಒಪ್ಪಿಗೆಯಾದ ಸಾಲದ ಬೇಡಿಕೆ ಎಷ್ಟು, ಕೊಳ್ಳುವವರು ಕೊಡಲೊಪ್ಪಿದ್ದು ಎಷ್ಟು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಇದ್ದರೆ, ಕಂಪೆನಿಯ ಆಸ್ತಿಯಲ್ಲಿ ಷೇರಿನ ಪಾಲು ಸೊನ್ನೆ. ಪೇಟೆಯ ಬೆಲೆ ಏನೇ ಹೇಳಲಿ. ಷೇರುಗಳನ್ನು ಪಟ್ಟಿಯಿಂದ ತೆಗೆಯುವಾಗ ಸಾರ್ವಜನಿಕರಿಗೆ ಕೊಡಬೇಕಾದ ಕನಿಷ್ಠ ಬೆಲೆಯನ್ನು ಸೆಬಿ ನಿಯಮವೂ 53ನೇ ಸೆಕ್ಷನ್ನಿನ ಸರದಿಗೇ ಕಟ್ಟಿಹಾಕಿದೆ. ಮೇಲಿನವರಿಗೆ ಕೊಟ್ಟು ಮಿಕ್ಕರೆ ಮಾತ್ರ ಬೆಲೆ.

2022ರ ನವೆಂಬರ್‌ನಲ್ಲಿ ಸೆಬಿ ಒಂದು ಸಮಾಲೋಚನಾ ಪತ್ರ ಹೊರಡಿಸಿ, ಹಳೆಯ ಸಾರ್ವಜನಿಕ ಷೇರುದಾರರಿಗೆ ಹೊಸ ಕಂಪೆನಿಯಲ್ಲಿ ಪಾಲು ಕೊಳ್ಳುವ ಅವಕಾಶ ನೀಡಬಹುದೆಂದು ಪ್ರಸ್ತಾಪಿಸಿತು. ಕೊಳ್ಳುವ ಸಂಸ್ಥೆ ತೆತ್ತ ಬೆಲೆಯನ್ನೇ ಅವರೂ ತೆರಬೇಕು. ಅಲ್ಲಿಯೂ ಹಳೆಯ ಹಣವನ್ನು ಮರಳಿಸುವ ಮಾತಿಲ್ಲ; ಮತ್ತೊಮ್ಮೆ ಕೈಯಿಂದ ಹಣ ಹಾಕುವ ಅವಕಾಶವಷ್ಟೇ.